ಮೂರು ಅಂಕಕ್ಕೆ ಎಷ್ಟು ಅಂಶ ಬರೆಯಬೇಕು? ಎಸ್ಸೆಸ್ಸೆಲ್ಸಿ ಸಮಾಜ ವಿಜ್ಞಾನದ ಸ್ಕೀಮ್ ಓದುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯ ಒಂದು ಪ್ರೌಢಶಾಲೆಯಲ್ಲಿ ನಾನು ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಪ್ರತಿ ವರ್ಷ ಪೂರ್ವಸಿದ್ಧತಾ ಪರೀಕ್ಷೆಯ ಪೇಪರ್ ಕೊಟ್ಟ ದಿನ ನನ್ನ ಮೇಜಿನ ಸುತ್ತ ಒಂದು ಗುಂಪು ನಿಲ್ಲುತ್ತದೆ. ಎಲ್ಲರ ಮಾತೂ ಒಂದೇ: "ಸರ್, ಇಷ್ಟೆಲ್ಲಾ ಬರ್ದೀನಿ, ಅಂಕ ಯಾಕೆ ಕಟ್ ಆಗೇತಿ?" ಆ ಮಕ್ಕಳಿಗೆ, ಅವರ ಮನೆಯವರಿಗೆ, ಹೊಸದಾಗಿ ಕೆಲಸಕ್ಕೆ ಸೇರಿದ ಕೆಲವು ಶಿಕ್ಷಕ ಗೆಳೆಯರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ಉದಾಹರಣೆಗಳೆಲ್ಲ ಹತ್ತನೇ ತರಗತಿಯ ಸಮಾಜ ವಿಜ್ಞಾನದ್ದು.

ಸ್ಕೀಮ್ ಅಂದರೆ ಏನು? ಕೀ ಆನ್ಸರ್ ಬೇರೆ, ಸ್ಕೀಮ್ ಬೇರೆಯಾ?

ಮಾತಿನಲ್ಲಿ ಎರಡನ್ನೂ ಒಂದೇ ಅರ್ಥದಲ್ಲಿ ಬಳಸುತ್ತೇವೆ. ಪರೀಕ್ಷೆ ಮುಗಿದ ಮೇಲೆ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ತನ್ನ ಜಾಲತಾಣದಲ್ಲಿ, ಅಂದರೆ kseab.karnataka.gov.in ನಲ್ಲಿ, ಮಾದರಿ ಉತ್ತರಗಳನ್ನು ಹಾಕುತ್ತದೆ. ಒಂದು ಕಡೆ ಪ್ರಶ್ನೆ ಸಂಖ್ಯೆ, ನಡುವೆ ಉತ್ತರದ ಅಂಶಗಳು, ಬಲಗಡೆ ಅಂಕ. ನಡುವಿನ ಭಾಗವನ್ನು ಮೌಲ್ಯ ಅಂಶಗಳು ಅನ್ನುತ್ತಾರೆ. ಪೇಪರ್ ತಿದ್ದುವವರ ಕೈಯಲ್ಲಿ ಇರುವುದೂ ಇದೇ.

ಮೊದಲು ಹಾಕಿದ್ದಕ್ಕೆ ಆಕ್ಷೇಪಣೆ ಕರೆಯುತ್ತಾರೆ, ಆಮೇಲೆ ಅಂತಿಮ ರೂಪ ಬರುತ್ತದೆ. ಅಭ್ಯಾಸಕ್ಕೆ ಅಂತಿಮ ರೂಪವನ್ನೇ ಇಟ್ಟುಕೊಳ್ಳಿ. ಪರೀಕ್ಷೆಯ ಮಧ್ಯಾಹ್ನವೇ ವಾಟ್ಸಾಪ್‌ನಲ್ಲಿ ಓಡಾಡುವ ಕೀಗಳು ಯಾರೋ ಶಿಕ್ಷಕರು, ಯಾವುದೋ ಟ್ಯೂಷನ್‌ನವರು ಬರೆದವು. ಉತ್ತರ ಸರಿಯಿರಬಹುದು. ಆದರೆ ಬಲಗಡೆಯ ಅಂಕದ ಹಂಚಿಕೆ ಅವರ ಅಂದಾಜು. ನಮಗೆ ಬೇಕಾಗಿರುವುದೇ ಆ ಬಲಗಡೆ.

ಎಷ್ಟು ಅಂಶ ಬೇಕು ಅಂತ ಸ್ಕೀಮ್‌ನಲ್ಲಿ ಎಲ್ಲಿ ನೋಡಬೇಕು?

ಬಹಳ ಮಕ್ಕಳು ನಡುವಿನ ಭಾಗ ಓದಿ ಮುಚ್ಚಿಡುತ್ತಾರೆ. ಉತ್ತರ ಸಿಕ್ಕಿತಲ್ಲ, ಸಾಕು ಅಂತ. ಆದರೆ ಎಣಿಕೆ ಇರುವುದು ಅಂಶಗಳ ಕೆಳಗೆ, ಬಲಗಡೆಯ ಒಂದು ಸಣ್ಣ ಸಾಲಿನಲ್ಲಿ. ಅದು ಹೀಗಿರುತ್ತದೆ:

```
6 × ½ = 3
```

ಒಂದೊಂದು ಅಂಶಕ್ಕೆ ಅರ್ಧ ಅಂಕ, ಹಾಗೆ ಆರು ಅಂಶ, ಒಟ್ಟು ಮೂರು ಅಂಕ. ಸಮಾಜ ವಿಜ್ಞಾನದಲ್ಲಿ ಜಾಸ್ತಿ ಕಾಣುವುದು ಈ ಅರ್ಧ ಅಂಕದ ಲೆಕ್ಕವೇ. ಎರಡು ಅಂಕದ ಪ್ರಶ್ನೆಗೆ ನಾಲ್ಕು, ಮೂರು ಅಂಕಕ್ಕೆ ಆರು, ನಾಲ್ಕು ಅಂಕಕ್ಕೆ ಎಂಟು. "ಮೂರು ಅಂಕಕ್ಕೆ ಮೂರು ಪಾಯಿಂಟ್" ಅಂತ ಮನಸ್ಸಿನಲ್ಲಿ ಇಟ್ಟುಕೊಂಡು ಬರೆದವರು ಎಲ್ಲಾ ಸರಿ ಬರೆದರೂ ಒಂದೂವರೆ ಅಂಕಕ್ಕೆ ನಿಲ್ಲುತ್ತಾರೆ. ತಪ್ಪು ಬರೆದು ಕಳೆದುಕೊಂಡ ಅಂಕವಲ್ಲ ಇದು. ಎಣಿಕೆ ಗೊತ್ತಿಲ್ಲದೆ ಕಳೆದುಕೊಂಡದ್ದು. ನನಗೆ ಅತಿ ಹೆಚ್ಚು ಬೇಜಾರಾಗುವುದು ಇಂಥ ಪೇಪರ್ ನೋಡಿದಾಗ.

ಸ್ಕೀಮ್‌ನಲ್ಲಿ ಒಂಬತ್ತು ಅಂಶ ಇದೆ. ಒಂಬತ್ತೂ ಬರೆಯಬೇಕಾ?

ಬೇಕಿಲ್ಲ. ಪಟ್ಟಿಯಲ್ಲಿ ಎಷ್ಟಿದೆ ಎಂಬುದು ಒಂದು ಲೆಕ್ಕ. ಪೂರ್ತಿ ಅಂಕಕ್ಕೆ ಎಷ್ಟು ಬೇಕು ಎಂಬುದು ಇನ್ನೊಂದು. ಪಟ್ಟಿಯ ಕೆಳಗೆ "ಯಾವುದಾದರೂ ಎಂಟು" ಅಂತ ಇದ್ದರೆ ಎಂಟೇ ಸಾಕು, ಯಾವ ಎಂಟು ಎಂಬುದು ನಿಮ್ಮ ಇಷ್ಟ.

ಇಲ್ಲಿ ಇನ್ನೊಂದು ವಿಷಯ ಗಮನಿಸಿ. "ಯಾವುದಾದರೂ" ಎಂಬ ಮಾತೇ ಇಲ್ಲದಿದ್ದರೆ? ಪಟ್ಟಿಯಲ್ಲಿ ಆರು ಅಂಶ, ಕೆಳಗೆ 6 × ½ ಇದ್ದರೆ? ಆಗ ಬಿಡುವುದಕ್ಕೆ ಒಂದೂ ಇಲ್ಲ. ಆರೂ ಬೇಕು. ಓದುವಾಗ ಇಂಥ ಪ್ರಶ್ನೆಗಳಿಗೆ ನಾನು ಮಕ್ಕಳಿಂದ ಪುಸ್ತಕದ ಅಂಚಿನಲ್ಲಿ ಕೆಂಪು ಗೆರೆ ಎಳೆಸುತ್ತೇನೆ. ಒಂಬತ್ತರಲ್ಲಿ ಎಂಟು ಬೇಕಾದ ಪ್ರಶ್ನೆಯಲ್ಲಿ ಒಂದು ಮರೆತರೂ ನಡೆಯುತ್ತದೆ. ಆರಕ್ಕೆ ಆರು ಬೇಕಾದ ಪ್ರಶ್ನೆಯಲ್ಲಿ ಒಂದು ಮರೆತರೆ ಅರ್ಧ ಅಂಕ ಹೋಯಿತು.

ನನ್ನ ಮಗಳು ಹತ್ತು ವಾಕ್ಯ ಬರೆದಿದ್ದಾಳೆ. ಮೂರಕ್ಕೆ ಎರಡೇ ಕೊಟ್ಟಿದ್ದೀರಲ್ಲ ಸರ್?

ಜಗಳೂರು ಕಡೆಯಿಂದ ಬಂದು ಇಲ್ಲಿ ಹಾಸ್ಟೆಲ್‌ನಲ್ಲಿದ್ದು ಓದುವ ಒಬ್ಬ ಹುಡುಗಿಯ ತಂದೆ ಇದನ್ನು ಕೇಳಿದ್ದು. ನ್ಯಾಯವಾದ ಪ್ರಶ್ನೆ. ಅವರ ಎದುರಿಗೇ ಪೇಪರ್ ಬಿಚ್ಚಿ, ಒಂದೊಂದೇ ವಾಕ್ಯ ಸ್ಕೀಮ್ ಪಕ್ಕ ಇಟ್ಟು ನೋಡಿದೆವು. ಇಲ್ಲೂ ಹಾಗೇ ನೋಡೋಣ.

ಪ್ರಶ್ನೆ: "ಸಹಾಯಕ ಸೈನ್ಯ ಪದ್ಧತಿಯ ಷರತ್ತುಗಳನ್ನು ತಿಳಿಸಿ." ಮೂರು ಅಂಕ. ನಾವು ತಿದ್ದಲು ಇಟ್ಟುಕೊಂಡ ಸ್ಕೀಮ್‌ನಲ್ಲಿ ಇದ್ದದ್ದು ಈ ಆರು ಅಂಶ:

- ಭಾರತೀಯ ರಾಜನು ಬ್ರಿಟಿಷ್ ಸೈನ್ಯದ ತುಕಡಿಯನ್ನು ತನ್ನ ರಾಜ್ಯದಲ್ಲಿ ಇರಿಸಿಕೊಳ್ಳಬೇಕು.
- ಸೈನ್ಯದ ವೇತನ ಮತ್ತು ನಿರ್ವಹಣೆಯ ವೆಚ್ಚ ಭರಿಸಬೇಕು ಅಥವಾ ನಿರ್ದಿಷ್ಟ ಕಂದಾಯ ಪ್ರದೇಶ ಬಿಟ್ಟುಕೊಡಬೇಕು.
- ಆಸ್ಥಾನದಲ್ಲಿ ಬ್ರಿಟಿಷ್ ರೆಸಿಡೆಂಟ್ ಇರಬೇಕು.
- ಬ್ರಿಟಿಷರ ಅನುಮತಿ ಇಲ್ಲದೆ ಬೇರೆ ಯುರೋಪಿಯನ್ನರನ್ನು ನೇಮಿಸಿಕೊಳ್ಳುವಂತಿಲ್ಲ.
- ಗವರ್ನರ್ ಜನರಲ್ ಒಪ್ಪಿಗೆ ಇಲ್ಲದೆ ಬೇರೆ ರಾಜ್ಯದ ಜೊತೆ ಯುದ್ಧ ಅಥವಾ ಒಪ್ಪಂದ ಮಾಡುವಂತಿಲ್ಲ.
- ಇದಕ್ಕೆ ಬದಲಾಗಿ ಕಂಪನಿ ಆ ರಾಜ್ಯಕ್ಕೆ ಒಳಗಿನ ಮತ್ತು ಹೊರಗಿನ ಶತ್ರುಗಳಿಂದ ರಕ್ಷಣೆ ಕೊಡುತ್ತದೆ.

ಕೆಳಗೆ 6 × ½ = 3. "ಯಾವುದಾದರೂ" ಇಲ್ಲ.

ಹುಡುಗಿ ಬರೆದದ್ದು ಹೀಗಿತ್ತು. ಮೊದಲ ವಾಕ್ಯ, ಈ ಪದ್ಧತಿಯನ್ನು 1798ರಲ್ಲಿ ಲಾರ್ಡ್ ವೆಲ್ಲೆಸ್ಲಿ ಜಾರಿಗೆ ತಂದನು. ಸರಿಯಾದ ಮಾತು, ಆದರೆ ಇದು ಷರತ್ತಲ್ಲ. ಎರಡನೆಯದು, ಇದು ಭಾರತೀಯ ರಾಜರನ್ನು ಹತೋಟಿಯಲ್ಲಿಡಲು ಮಾಡಿದ ಒಪ್ಪಂದ. ಇದೂ ನಿಜ, ಇದು ಉದ್ದೇಶ, ಷರತ್ತಲ್ಲ. ಮೂರನೆಯದು, ರಾಜನು ಬ್ರಿಟಿಷ್ ಸೈನ್ಯ ಇಟ್ಟುಕೊಳ್ಳಬೇಕು. ಅರ್ಧ ಅಂಕ. ನಾಲ್ಕನೆಯದು, ಅದರ ಖರ್ಚು ರಾಜನೇ ನೋಡಿಕೊಳ್ಳಬೇಕು. ಅರ್ಧ ಅಂಕ. ಐದನೆಯದು, ಸೈನಿಕರ ಸಂಬಳವನ್ನೂ ರಾಜನೇ ಕೊಡಬೇಕು. ಆರನೆಯದು, ಹಣ ಕೊಡಲಾಗದಿದ್ದರೆ ಭೂಮಿ ಕೊಡಬೇಕು.

ಇಲ್ಲಿ ನಿಂತು ನೋಡಿ. ಖರ್ಚು, ಸಂಬಳ, ಭೂಮಿ ಮೂರೂ ಸ್ಕೀಮ್‌ನ ಎರಡನೇ ಸಾಲಿನ ಒಳಗೇ ಇವೆ. ಹುಡುಗಿಯ ಮನಸ್ಸಿನಲ್ಲಿ ಅವು ಮೂರು ಅಂಶ, ಸ್ಕೀಮ್‌ನಲ್ಲಿ ಒಂದೇ.

ಏಳನೆಯದು, ಆಸ್ಥಾನದಲ್ಲಿ ರೆಸಿಡೆಂಟ್ ಇರಬೇಕು. ಅರ್ಧ ಅಂಕ. ಎಂಟನೆಯದು, ಅನುಮತಿ ಇಲ್ಲದೆ ಯುದ್ಧ ಮಾಡಬಾರದು. ಅರ್ಧ ಅಂಕ. ಒಂಬತ್ತನೆಯದು, ಅನುಮತಿ ಇಲ್ಲದೆ ಒಪ್ಪಂದವನ್ನೂ ಮಾಡಬಾರದು. ಇದು ಎಂಟನೆಯದರ ಜೊತೆಗೇ ಹೋಯಿತು. ಹತ್ತನೆಯದು, ಇದನ್ನು ಮೊದಲು ಒಪ್ಪಿದವನು ಹೈದರಾಬಾದಿನ ನಿಜಾಮ. ಇದೂ ನಿಜ, ಕೇಳಿದ್ದಲ್ಲ.

ಲೆಕ್ಕ ಹಾಕಿದರೆ ಹತ್ತು ವಾಕ್ಯ, ನಾಲ್ಕು ಅಂಶ, ಎರಡು ಅಂಕ. ಒಂದು ವಾಕ್ಯವೂ ತಪ್ಪಿಲ್ಲ. ಬಿಟ್ಟುಹೋದದ್ದು ಎರಡು: ಬೇರೆ ಯುರೋಪಿಯನ್ನರ ನೇಮಕ, ಕಂಪನಿ ಕೊಡುವ ರಕ್ಷಣೆ. ಆ ಎರಡು ಸಾಲಿಗೆ ಬೇಕಿದ್ದ ಜಾಗದಲ್ಲಿ ಸಂಬಳದ ಮಾತು ಮತ್ತು ನಿಜಾಮನ ಮಾತು ಕೂತಿದ್ದವು. ಆ ತಂದೆ ಪೇಪರ್ ಮಡಚಿ ಜೇಬಿಗಿಟ್ಟುಕೊಳ್ಳುತ್ತಾ, "ಹಂಗಾದ್ರೆ ಆಕಿಗೆ ಗೊತ್ತೈತಿ, ಎಣಿಸಿಲ್ಲ ಅಷ್ಟೇ" ಅಂದರು. ಅಷ್ಟೇ ವಿಷಯ.

ಹಾಗಾದರೆ ಎರಡು ಅಂಶ ಬೇರೆ ಬೇರೆಯಾ, ಒಂದೇನಾ ಅಂತ ಹೇಗೆ ಗುರುತಿಸುವುದು?

ನಾನು ಮಕ್ಕಳಿಗೆ ಕೊಡುವ ಪರೀಕ್ಷೆ ಇದು. ನೀವು ಬರೆದ ಎರಡು ವಾಕ್ಯ ತೆಗೆದುಕೊಳ್ಳಿ. ಎರಡನ್ನೂ "ಮತ್ತು" ಅಥವಾ "ಅಥವಾ" ಹಾಕಿ ಒಂದೇ ವಾಕ್ಯ ಮಾಡಿ. ಆಗ ಬಂದ ವಾಕ್ಯಕ್ಕೆ ಒಂದೇ ಹೆಸರು ಕೊಡಲು ಆಗುತ್ತದೆಯೇ? "ಖರ್ಚು ಮತ್ತು ಸಂಬಳ" ಎಂಬುದಕ್ಕೆ "ಸೈನ್ಯದ ವೆಚ್ಚ" ಎಂಬ ಒಂದೇ ಹೆಸರು ಸಾಕು. ಹಾಗಾದರೆ ಅದು ಒಂದೇ ಅಂಶ. "ರೆಸಿಡೆಂಟ್ ಮತ್ತು ಸೈನ್ಯದ ವೆಚ್ಚ" ಎಂಬುದಕ್ಕೆ ಒಂದು ಹೆಸರು ಹುಡುಕಿ ನೋಡಿ, ಸಿಗುವುದಿಲ್ಲ. ಅವು ಎರಡು.

ಈ ಪರೀಕ್ಷೆ ಎಲ್ಲಾ ಕಡೆ ಕೈ ಹಿಡಿಯುವುದಿಲ್ಲ. ಕೊನೆಯ ಮಾತು ಸ್ಕೀಮ್‌ನದ್ದೇ. ಸ್ಕೀಮ್‌ನಲ್ಲಿ ಒಂದೇ ಚುಕ್ಕೆಯ ಮುಂದೆ "ಅಥವಾ" ಹಾಕಿ, ಇಲ್ಲವೇ ಓರೆಗೆರೆ ಹಾಕಿ ಎರಡು ಮಾತು ಬರೆದಿದ್ದರೆ ಅವು ಒಂದೇ ಅಂಶದ ಎರಡು ಮುಖ. ಯಾವುದನ್ನು ಬರೆದರೂ ಅರ್ಧ ಅಂಕ, ಎರಡನ್ನೂ ಬರೆದರೂ ಅರ್ಧವೇ. ಎರಡು ಬೇರೆ ಚುಕ್ಕೆ ಇದ್ದರೆ ಅವು ಎರಡು ಅಂಶ, ನಮ್ಮ ಕಣ್ಣಿಗೆ ಎಷ್ಟೇ ಹತ್ತಿರದವು ಅನ್ನಿಸಿದರೂ. ಅದಕ್ಕೇ ಒಂದು ಪಾಠದ ಎರಡು ಮೂರು ವರ್ಷದ ಸ್ಕೀಮ್ ಪಕ್ಕಪಕ್ಕ ಇಟ್ಟು ಓದಬೇಕು. ಯಾವ ಮಾತುಗಳನ್ನು ಒಟ್ಟಿಗೆ ಕಟ್ಟುತ್ತಾರೆ, ಯಾವುದನ್ನು ಬಿಡಿಬಿಡಿಯಾಗಿ ಎಣಿಸುತ್ತಾರೆ ಅನ್ನುವುದು ಆಗ ಗೊತ್ತಾಗುತ್ತದೆ.

ಒಂದೇ ವಾಕ್ಯದಲ್ಲಿ ಮೂರು ಅಂಶ ಬರೆದರೆ ಮೂರಕ್ಕೂ ಅಂಕ ಕೊಡುತ್ತಾರಾ?

ಇದು ಮೇಲಿನದಕ್ಕೆ ಉಲ್ಟಾ ತಪ್ಪು. ಚೆನ್ನಾಗಿ ಓದುವ ಮಕ್ಕಳು ಮಾಡುವುದು ಜಾಸ್ತಿ.

ನಾಲ್ಕು ಅಂಕದ ಪ್ರಶ್ನೆ, "1857ರ ದಂಗೆಯ ವಿಫಲತೆಗೆ ಕಾರಣಗಳೇನು?" ಅಂತ ಇಟ್ಟುಕೊಳ್ಳಿ. ಬೇಕಾದದ್ದು ಎಂಟು ಅಂಶ. ಪಾಠ ಓದಿ ಎಣಿಸಿದರೆ ಹೆಚ್ಚು ಕಡಿಮೆ ಇಷ್ಟು ಸಿಗುತ್ತವೆ: ದಂಗೆ ಇಡೀ ಭಾರತಕ್ಕೆ ಹರಡಲಿಲ್ಲ, ಅದು ಯೋಜಿತವಾಗಿರಲಿಲ್ಲ, ಸಿಪಾಯಿಗಳಲ್ಲಿ ಒಗ್ಗಟ್ಟಿರಲಿಲ್ಲ, ಸರಿಯಾದ ನಾಯಕತ್ವ ಇರಲಿಲ್ಲ, ಶಿಸ್ತಿರಲಿಲ್ಲ, ಯುದ್ಧ ತಂತ್ರದ ಕೊರತೆ ಇತ್ತು, ರಾಜರು, ರಾಣಿಯರು ತಮ್ಮ ಹಕ್ಕಿಗಾಗಿ ಹೋರಾಡಿದರು, ದೇಶಕ್ಕಾಗಿ ಅಲ್ಲ, ಅನೇಕ ದೇಶೀಯ ರಾಜರು ಬ್ರಿಟಿಷರಿಗೆ ನಿಷ್ಠರಾಗಿ ಉಳಿದರು, ಸಿಪಾಯಿಗಳ ಲೂಟಿಯಿಂದ ಜನರ ನಂಬಿಕೆ ಹೋಯಿತು. ಒಂಬತ್ತು.

ಈಗ ಜಾಣ ಹುಡುಗ ಹೀಗೆ ಬರೆಯುತ್ತಾನೆ: "ಸಿಪಾಯಿಗಳಲ್ಲಿ ಒಗ್ಗಟ್ಟು, ಶಿಸ್ತು, ನಾಯಕತ್ವ ಮತ್ತು ತಂತ್ರ ಇರಲಿಲ್ಲ." ಒಳ್ಳೆಯ ವಾಕ್ಯ. ನಾಲ್ಕು ಅಂಶ ಅದರಲ್ಲಿದೆ, ಎರಡು ಅಂಕದ ಸರಕು. ಆದರೆ ತಿದ್ದುವವರ ಕಣ್ಣಿಗೆ ಅದು ಒಂದು ಸಾಲು. ದಿನಕ್ಕೆ ಎಷ್ಟೋ ಪೇಪರ್ ನೋಡುವ ಕಣ್ಣು, ಸಾಲಿಗೊಂದು ಟಿಕ್ ಹಾಕುತ್ತಾ ಹೋಗುವ ಕೈ. ನಿಧಾನವಾಗಿ ಓದುವವರು ನಾಲ್ಕೂ ಎಣಿಸುತ್ತಾರೆ. ಆದರೆ ಎಲ್ಲರೂ ಹಾಗೇ ಓದುತ್ತಾರೆ ಅಂತ ನಂಬಿ ಕೂರುವುದು ಬೇಡ. ಅದೇ ನಾಲ್ಕನ್ನು ನಾಲ್ಕು ಸಾಲು ಮಾಡಿ, ಮುಂದೆ ಸಂಖ್ಯೆ ಹಾಕಿ. ಮಾತು ಜಾಸ್ತಿ ಏನೂ ಬೇಕಾಗಿಲ್ಲ.

- ಸಿಪಾಯಿಗಳಲ್ಲಿ ಒಗ್ಗಟ್ಟಿರಲಿಲ್ಲ.
- ದಂಗೆಗೆ ಸರಿಯಾದ ನಾಯಕತ್ವ ಇರಲಿಲ್ಲ.
- ಹೋರಾಟಗಾರರಲ್ಲಿ ಶಿಸ್ತಿನ ಕೊರತೆ ಇತ್ತು.
- ಬ್ರಿಟಿಷರ ಯುದ್ಧ ತಂತ್ರಕ್ಕೆ ಇವರದು ಸಾಟಿಯಾಗಿರಲಿಲ್ಲ.

ಇಷ್ಟು ಸಾಕು.

"1 + 2" ಅಂತ ಬರೆದಿರುತ್ತಾರಲ್ಲ, ಅದರ ಅರ್ಥ?

ಪ್ರಶ್ನೆಯಲ್ಲಿ ಎರಡು ಭಾಗ ಇದೆ, ಅಂಕವೂ ಎರಡು ಭಾಗವಾಗಿದೆ ಅಂತ. ಇದನ್ನು ಅರ್ಥ ಮಾಡಿಕೊಳ್ಳಲು ಅದೇ ಜಗಳೂರು ಹುಡುಗಿಯ ಉತ್ತರಕ್ಕೆ ಹೋಗೋಣ.

ಪ್ರಶ್ನೆ ಬೇರೆ ರೀತಿ ಬಂದಿತ್ತು ಅಂದುಕೊಳ್ಳಿ: "ಸಹಾಯಕ ಸೈನ್ಯ ಪದ್ಧತಿಯನ್ನು ಜಾರಿಗೆ ತಂದವರು ಯಾರು? ಅದರ ಷರತ್ತುಗಳನ್ನು ತಿಳಿಸಿ." ಮೂರೇ ಅಂಕ. ಸ್ಕೀಮ್‌ನಲ್ಲಿ ಹೀಗಿರುತ್ತದೆ:

```
1 + (4 × ½) = 3
```

ಈಗ ವೆಲ್ಲೆಸ್ಲಿಯ ಹೆಸರಿಗೆ ಒಂದು ಅಂಕ. ಷರತ್ತು ನಾಲ್ಕೇ ಸಾಕು. ಆ ಹುಡುಗಿಯ ಅದೇ ಉತ್ತರಕ್ಕೆ, ಒಂದಕ್ಷರ ಬದಲಿಸದೆ, ಮೂರಕ್ಕೆ ಮೂರು ಬರುತ್ತಿತ್ತು. ಮೊದಲ ಪ್ರಶ್ನೆಯಲ್ಲಿ ವೆಲ್ಲೆಸ್ಲಿಯ ಸಾಲಿಗೆ ಬೆಲೆ ಇರಲಿಲ್ಲ, ಇಲ್ಲಿ ಅದೇ ಸಾಲು ಅತಿ ಬೆಲೆಯದ್ದು.

ಆದ್ದರಿಂದ ಪ್ರಶ್ನೆ ಓದುವಾಗಲೇ ಅದರಲ್ಲಿ ಎಷ್ಟು ಕೇಳಿದ್ದಾರೆ ಅಂತ ನೋಡಿ. ಎರಡು ಪ್ರಶ್ನಾರ್ಥಕ ಚಿಹ್ನೆ ಇದೆಯೇ? "ಎಂದರೇನು" ಜೊತೆಗೆ "ಪಟ್ಟಿ ಮಾಡಿ" ಇದೆಯೇ? ಹಾಗಿದ್ದರೆ ಮೊದಲ ಭಾಗಕ್ಕೆ ಒಂದು ಅಂಕ ಮೀಸಲು ಅಂದುಕೊಂಡು, ಉಳಿದ ಅಂಕವನ್ನು ಎರಡರಿಂದ ಗುಣಿಸಿ. ಅಷ್ಟು ಅಂಶ ಎರಡನೇ ಭಾಗಕ್ಕೆ ಬೇಕು. ಅರ್ಥ ಬರೆಯದೆ ಎಂಟು ಕಾರಣ ಬರೆದರೂ ಆ ಒಂದು ಅಂಕ ಕಾರಣಗಳ ಲೆಕ್ಕದಿಂದ ತುಂಬುವುದಿಲ್ಲ. ಒಂದು ಭಾಗದ ಅಂಕ ಇನ್ನೊಂದು ಭಾಗಕ್ಕೆ ದಾಟುವುದಿಲ್ಲ.

ವ್ಯತ್ಯಾಸ ಕೇಳಿದಾಗ ಹೇಗೆ ಎಣಿಸುವುದು?

ಜೋಡಿಯಾಗಿ. ಖಾರಿಫ್ ಮತ್ತು ರಾಬಿ ಬೇಸಾಯದ ವ್ಯತ್ಯಾಸ ಕೇಳಿದರು ಅಂದುಕೊಳ್ಳಿ. ನಮ್ಮ ಮಕ್ಕಳಿಗೆ ಖಾರಿಫ್ ಬಗ್ಗೆ ಹೇಳಿಕೊಡುವುದೇ ಬೇಡ. ಆನಗೋಡು, ಮಾಯಕೊಂಡದ ಕಡೆಯಿಂದ ಬರುವವರು ಮೊದಲ ಮಳೆಗೆ ಮೆಕ್ಕೆಜೋಳ ಬಿತ್ತುವುದನ್ನು ಕಣ್ಣಾರೆ ನೋಡಿರುತ್ತಾರೆ. ಹಾಗಾಗಿ ಖಾರಿಫ್ ಬಗ್ಗೆ ನಾಲ್ಕು ಸಾಲು ಬರೆದು, ರಾಬಿ ಬಗ್ಗೆ ಒಂದೇ ಸಾಲು ಬರೆಯುತ್ತಾರೆ. ಅಲ್ಲಿ ಪೂರ್ತಿಯಾದದ್ದು ಒಂದೇ ವ್ಯತ್ಯಾಸ.

ಮುಂಗಾರಿನ ಬೇಸಾಯ ಎಂಬುದರ ಎದುರಿಗೆ ಹಿಂಗಾರಿನ ಬೇಸಾಯ ಇರಬೇಕು. ಜೂನ್-ಜುಲೈ ಬಿತ್ತನೆಯ ಎದುರಿಗೆ ಅಕ್ಟೋಬರ್-ನವೆಂಬರ್ ಬಿತ್ತನೆ ಇರಬೇಕು. ಮೆಕ್ಕೆಜೋಳ, ಭತ್ತದ ಎದುರಿಗೆ ಕಡಲೆ, ಗೋಧಿ. ಹೀಗೆ ಎರಡೂ ಕಡೆ ತುಂಬಿದ ಒಂದು ಸಾಲು ಒಂದು ವ್ಯತ್ಯಾಸ. ಹಾಳೆಯ ನಡುವೆ ಗೆರೆ ಎಳೆದು ಬರೆದರೆ ಖಾಲಿ ಜಾಗ ತಾನೇ ಕಾಣುತ್ತದೆ.

ಪ್ರತಿ ಅಂಶವನ್ನೂ ವಿವರಿಸಬೇಕಾ? "ವಿವರಿಸಿ" ಅಂತ ಕೇಳಿರುತ್ತಾರಲ್ಲ?

ಮತ್ತೆ ಬಲಗಡೆ ನೋಡಿ. ನಾಲ್ಕು ಅಂಕಕ್ಕೆ 8 × ½ ಇದ್ದರೆ, ಪ್ರಶ್ನೆಯಲ್ಲಿ "ವಿವರಿಸಿ" ಅಂತ ಇದ್ದರೂ, ಅರ್ಧ ಅಂಕದ ಒಂದು ಅಂಶಕ್ಕೆ ಒಂದು ಪೂರ್ತಿ ವಾಕ್ಯ ಸಾಕು. 4 × 1 ಇದ್ದರೆ ಅಂಶ ನಾಲ್ಕೇ, ಆದರೆ ಒಂದೊಂದಕ್ಕೂ ಎರಡು ವಾಕ್ಯದ ಮೈ ಇರಬೇಕು: ಒಂದು ಹೇಳಿಕೆ, ಒಂದು ಕಾರಣ ಅಥವಾ ಉದಾಹರಣೆ.

ಬರೀ ಪದ ಬರೆದರೆ ಸಾಲದು. "ರೆಸಿಡೆಂಟ್" ಅಂತ ಒಂದು ಪದ ಬರೆದರೆ ಅದು ಷರತ್ತಾಗುವುದಿಲ್ಲ. "ಆಸ್ಥಾನದಲ್ಲಿ ರೆಸಿಡೆಂಟ್ ಇರಬೇಕು" ಅಂದಾಗ ಷರತ್ತಾಯಿತು. ಷರತ್ತು ಕೇಳಿದರೆ ವಾಕ್ಯ "ಬೇಕು", "ಬಾರದು" ಅಂತ ಮುಗಿಯಬೇಕು. ಕಾರಣ ಕೇಳಿದರೆ ಅದರಿಂದ ಏನಾಯಿತು ಅನ್ನುವುದು ಕಾಣಬೇಕು. ವಾಕ್ಯದ ಬಾಲ ನೋಡಿದರೇ ಪ್ರಶ್ನೆಗೆ ಉತ್ತರಿಸಿದ್ದೇವೋ ಇಲ್ಲವೋ ಗೊತ್ತಾಗುತ್ತದೆ.

ಸ್ಕೀಮ್‌ನಲ್ಲಿ ಇಲ್ಲದ ಸರಿಯಾದ ಅಂಶ ಬರೆದರೆ?

ಪಟ್ಟಿಯ ಕೊನೆಗೆ ಎಷ್ಟೋ ಸಲ "ಇತರೆ ಸೂಕ್ತ ಅಂಶಗಳನ್ನೂ ಪರಿಗಣಿಸುವುದು" ಎಂಬ ಅರ್ಥದ ಸಾಲಿರುತ್ತದೆ. ಆಗ ನಿಮ್ಮ ಅಂಶ ಸರಿಯಾಗಿದ್ದರೆ, ಕೇಳಿದ್ದಕ್ಕೆ ಹೊಂದುವಂತಿದ್ದರೆ ಅಂಕ ಸಿಗಬೇಕು. ಸಾಮಾಜಿಕ ಸಮಸ್ಯೆ, ಪರಿಸರ, ನಿರುದ್ಯೋಗದ ಪರಿಹಾರ ಇಂಥ ಪ್ರಶ್ನೆಗಳಲ್ಲಿ ಈ ಸಾಲು ಬಹಳ ಕೆಲಸಕ್ಕೆ ಬರುತ್ತದೆ. ಅಲ್ಲಿ ಉತ್ತರ ಪುಸ್ತಕಕ್ಕೇ ಮುಗಿಯುವುದಿಲ್ಲ. ಒಪ್ಪಂದದ ಷರತ್ತು, ಕಾಯ್ದೆಯ ಅಂಶಗಳು ಇಂಥ ಕಡೆ ಅದರ ಮೇಲೆ ಭಾರ ಹಾಕಬೇಡಿ. ಷರತ್ತುಗಳು ಇದ್ದಷ್ಟೇ, ಹೊಸದನ್ನು ಸೇರಿಸುವುದಕ್ಕೆ ಬರುವುದಿಲ್ಲ.

ಬೇಕಾದ್ದಕ್ಕಿಂತ ಜಾಸ್ತಿ ಬರೆದರೆ ಲಾಭವಿದೆಯಾ?

ಒಂದು ಅಂಶ ಜಾಸ್ತಿ ಬರೆಯಿರಿ. ನೀವು ಎರಡು ಅಂದುಕೊಂಡದ್ದನ್ನು ತಿದ್ದುವವರು ಒಂದು ಅಂದುಕೊಂಡರೆ ಆ ಜಾಗಕ್ಕೆ ಇದು ಬರುತ್ತದೆ. ಅದಕ್ಕಿಂತ ಜಾಸ್ತಿ ಬೇಡ, ಮೂರು ಅಂಕದ ಪ್ರಶ್ನೆಗೆ ನಾಲ್ಕನೇ ಅಂಕ ಯಾರೂ ಕೊಡುವುದಿಲ್ಲ.

ಸಮಯದ ಲೆಕ್ಕವೂ ಇದೆ. ಪತ್ರಿಕೆ 80 ಅಂಕದ್ದು, ಓದಲು ಕೊಡುವ 15 ನಿಮಿಷ ಬಿಟ್ಟರೆ ಬರೆಯಲು 180 ನಿಮಿಷ. ಒಂದು ಅಂಕಕ್ಕೆ ಎರಡೂಕಾಲು ನಿಮಿಷ. ಮೂರು ಅಂಕದ ಉತ್ತರಕ್ಕೆ ಏಳು ನಿಮಿಷಕ್ಕಿಂತ ಸ್ವಲ್ಪ ಕಡಿಮೆ, ಅಂದರೆ ಒಂದು ಅಂಶಕ್ಕೆ ಸುಮಾರು ಒಂದು ನಿಮಿಷ. ನಿಜಾಮನ ಮಾತಿಗೆ ಒಂದು ನಿಮಿಷ ಕೊಟ್ಟರೆ ಅದು ಬೇರೆ ಯಾವುದೋ ಉತ್ತರದ ಅರ್ಧ ಅಂಕದಿಂದ ಬಂದ ನಿಮಿಷ.

ಈ ಅರ್ಧ ಅಂಕದ ಲೆಕ್ಕ ಎಲ್ಲಾ ವಿಷಯಕ್ಕೂ ನಡೆಯುತ್ತದಾ?

ಇಲ್ಲ. ಗಣಿತದಲ್ಲಿ ಅಂಕ ಹಂತಕ್ಕೆ, ಅಂಶಕ್ಕಲ್ಲ. ವಿಜ್ಞಾನದಲ್ಲಿ ಚಿತ್ರಕ್ಕೆ ಬೇರೆ, ಭಾಗ ಗುರುತಿಸಿದ್ದಕ್ಕೆ ಬೇರೆ ಅಂಕ, ಒಂದು ಅಂಶಕ್ಕೆ ಪೂರ್ತಿ ಒಂದು ಅಂಕ ಇರುವುದೂ ಉಂಟು. ಕನ್ನಡ ಪ್ರಬಂಧವನ್ನು ಹೀಗೆ ಎಣಿಸಲು ಹೋಗಲೇಬೇಡಿ. ಪಿಯುಸಿಗೆ ಹೋದ ಮೇಲೂ ಇದೇ ಗುಣಾಕಾರ ಹಿಡಿದುಕೊಂಡು ಹೋಗಬೇಡಿ, ಆ ವಿಷಯದ ಸ್ಕೀಮ್ ತೆರೆದು ಬಲಗಡೆ ನೋಡಿ. ನೋಡುವ ರೀತಿ ಒಂದೇ, ಸಂಖ್ಯೆ ಬೇರೆ.

ಸ್ಕೀಮ್ ಸಿಗದ ಪ್ರಶ್ನೆಗೆ ಏನು ಮಾಡಬೇಕು? ಹೊಸ ಪ್ರಶ್ನೆಯೇ ಬಂದರೆ?

ನೀವೇ ಒಂದು ಸ್ಕೀಮ್ ಬರೆಯಿರಿ. ನಮ್ಮ ತರಗತಿಯಲ್ಲಿ ಶನಿವಾರ ಇದನ್ನೇ ಮಾಡುತ್ತೇವೆ. ಒಂದು ಪ್ರಶ್ನೆ, ಅದರ ಅಂಕ ಬೋರ್ಡ್ ಮೇಲೆ. ಇಬ್ಬಿಬ್ಬರು ಕೂತು ಪಠ್ಯಪುಸ್ತಕದ ಆ ಪುಟ ತೆರೆದು, ಪೆನ್ಸಿಲ್‌ನಲ್ಲಿ ಒಂದು, ಎರಡು, ಮೂರು ಅಂತ ಅಂಶಗಳಿಗೆ ಸಂಖ್ಯೆ ಹಾಕುತ್ತಾರೆ. ಆಮೇಲೆ ಅಂಕವನ್ನು ಎರಡರಿಂದ ಗುಣಿಸಿ ನೋಡುತ್ತಾರೆ. ಮೂರು ಅಂಕದ ಪ್ರಶ್ನೆಗೆ ಪುಸ್ತಕದಲ್ಲಿ ಐದೇ ಅಂಶ ಸಿಕ್ಕರೆ ಏನೋ ಬಿಟ್ಟಿದ್ದೇವೆ ಅಂತ ಅನುಮಾನಪಡಬೇಕು. ಒಂದೋ ಒಂದು ವಾಕ್ಯದೊಳಗೆ ಎರಡು ಅಂಶ ಅಡಗಿರುತ್ತದೆ, ಇಲ್ಲವೇ ಹಿಂದಿನ ಪ್ಯಾರಾದಲ್ಲಿ ಒಂದು ಉಳಿದಿರುತ್ತದೆ.

ಇಬ್ಬರ ಎಣಿಕೆ ತಾಳೆಯಾಗದಾಗಲೇ ಒಳ್ಳೆಯ ಪಾಠ ನಡೆಯುವುದು. "ಇದು ಒಂದೇ ಕಣೋ", "ಅಲ್ಲ, ಎರಡು" ಅಂತ ಜಗಳ ಶುರುವಾಗುತ್ತದೆ. ಆಗ ನಾನು ಸುಮ್ನೆ ನಿಂತು ಕೇಳುತ್ತೇನೆ. ಆ ಜಗಳದಲ್ಲಿ ಗೆದ್ದ ಅಂಶ ಪರೀಕ್ಷೆಯಲ್ಲಿ ಮರೆತುಹೋಗುವುದಿಲ್ಲ.

ನನಗೆ ಓದಲು ಬರುವುದಿಲ್ಲ. ಮಗ ಸರಿಯಾಗಿ ಬರೆದಿದ್ದಾನೋ ಇಲ್ಲವೋ ಮನೆಯಲ್ಲಿ ಹೇಗೆ ನೋಡಲಿ?

ಸಂಜೆ ಹೂ ಕಟ್ಟಿ ಮಾರುವ ಒಬ್ಬ ತಾಯಿ ಕೇಳಿದ್ದು. ಅವರಿಗೆ ಹೇಳಿದೆ: ಅವ್ವ, ನೀವು ಹೂ ಕಟ್ಟುತ್ತಾ ಕೂತಿರಿ. ಮಗ ಉತ್ತರವನ್ನು ಪುಸ್ತಕ ಮುಚ್ಚಿ ಬಾಯಲ್ಲಿ ಹೇಳಲಿ. ಮೊದಲು "ಇದು ಮೂರು ಅಂಕ, ಆರು ಬೇಕು" ಅಂತ ಅವನೇ ಹೇಳಬೇಕು. ಒಂದು ಅಂಶ ಹೇಳಿದಾಗ ಒಂದು ಹೂವು ಪಕ್ಕಕ್ಕಿಡಿ. ಹೇಳಿದ್ದನ್ನೇ ತಿರುಗಿಸಿ ಹೇಳಿದ ಅನ್ನಿಸಿದರೆ ಹೂವು ಇಡಬೇಡಿ, "ಇದನ್ನ ಆಗ್ಲೇ ಹೇಳಿದ್ಯಲ್ಲೋ" ಅನ್ನಿ. ಆರು ಹೂವು ಆಗುವವರೆಗೆ ಬಿಡಬೇಡಿ.

ವಿಷಯ ಸರಿಯೋ ತಪ್ಪೋ ನೋಡುವುದು ನಮ್ಮ ಕೆಲಸ. ಒಂದೇ ಮಾತು ಎರಡು ಸಲ ಬಂತು ಅನ್ನುವುದನ್ನು ಹಿಡಿಯಲು ಓದು ಬರಬೇಕಾಗಿಲ್ಲ, ಕಿವಿ ಇದ್ದರೆ ಸಾಕು. ಆ ಹುಡುಗನ ಉತ್ತರ ಎರಡು ತಿಂಗಳಲ್ಲಿ ಗಿಡ್ಡವಾಯಿತು, ಅಂಕ ಏರಿತು.

ಬೋರ್ಡ್ ಪರೀಕ್ಷೆಯಲ್ಲೇ ಎಣಿಕೆ ತಪ್ಪಿ ಅಂಕ ಕಡಿಮೆ ಬಂದಿದೆ ಅನ್ನಿಸಿದರೆ?

ಫಲಿತಾಂಶದ ನಂತರ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿಗೆ ಮಂಡಳಿಗೆ ಅರ್ಜಿ ಹಾಕಬಹುದು. ಅದು ಕೈಗೆ ಬಂದ ಮೇಲೆ ಅಂತಿಮ ಮಾದರಿ ಉತ್ತರವನ್ನು ಪಕ್ಕದಲ್ಲಿಟ್ಟು, ಜಗಳೂರು ಹುಡುಗಿಯ ಪೇಪರ್ ನೋಡಿದ ಹಾಗೆ ಒಂದೊಂದೇ ವಾಕ್ಯ ನೋಡಿ. "ಇಷ್ಟು ಬರೆದಿದ್ದೀನಿ" ಎಂಬುದು ಆಧಾರವಲ್ಲ. "ಸ್ಕೀಮ್‌ನ ಎರಡನೇ, ಐದನೇ ಅಂಶ ನನ್ನ ಉತ್ತರದಲ್ಲಿದೆ, ಅಂಕ ಕೊಟ್ಟಿಲ್ಲ" ಎಂಬುದು ಆಧಾರ. ಅಂಥದ್ದು ಸಿಕ್ಕರೆ ಮಾತ್ರ ಮರುಮೌಲ್ಯಮಾಪನಕ್ಕೆ ಹಾಕಿ. ಅಂಕ ಕೂಡಿಸಿದ್ದು ತಪ್ಪಾಗಿದ್ದರೆ ಮರುಎಣಿಕೆ ಸಾಕು. ಎರಡಕ್ಕೂ ಕೊನೆಯ ದಿನ ಇರುತ್ತದೆ, ಅದನ್ನು ಮಂಡಳಿಯ ಪ್ರಕಟಣೆಯಲ್ಲೇ ನೋಡಿಕೊಳ್ಳಿ.

ಆ ಹುಡುಗಿ ಆಮೇಲೆ ಅದೇ ಉತ್ತರವನ್ನು ಹೇಗೆ ಬರೆದಳು?

ಮುಂದಿನ ವಾರದ ಕಿರು ಪರೀಕ್ಷೆಗೆ ಅದೇ ಪ್ರಶ್ನೆ ಕೊಟ್ಟೆ. ಅವಳು ಮೊದಲು ಅಂಚಿನಲ್ಲಿ ಪೆನ್ಸಿಲ್‌ನಿಂದ ಸಣ್ಣದಾಗಿ ಒಂದರಿಂದ ಆರರವರೆಗೆ ಬರೆದುಕೊಂಡಳು. ಆಮೇಲೆ ಒಂದೊಂದರ ಮುಂದೆ ತುಂಬಿದಳು.

1. ರಾಜನು ತನ್ನ ರಾಜ್ಯದಲ್ಲಿ ಬ್ರಿಟಿಷ್ ಸೈನ್ಯ ಇಟ್ಟುಕೊಳ್ಳಬೇಕು.
2. ಅದರ ಸಂಬಳ, ಖರ್ಚು ಕೊಡಬೇಕು ಇಲ್ಲವೇ ಭೂಮಿ ಬಿಟ್ಟುಕೊಡಬೇಕು.
3. ಆಸ್ಥಾನದಲ್ಲಿ ಬ್ರಿಟಿಷ್ ರೆಸಿಡೆಂಟ್ ಇರಬೇಕು.
4. ಅನುಮತಿ ಇಲ್ಲದೆ ಯುದ್ಧ, ಒಪ್ಪಂದ ಮಾಡಬಾರದು.
5. ಅನುಮತಿ ಇಲ್ಲದೆ ಬೇರೆ ಯುರೋಪಿಯನ್ನರನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದು.

ಆರರ ಮುಂದೆ ಖಾಲಿ ಇತ್ತು. ಪೆನ್ನು ಬಾಯಿಗಿಟ್ಟುಕೊಂಡು ಕೂತಳು. ಖಾಲಿ ಇದೆ ಅಂತ ಗೊತ್ತಿದ್ದರಿಂದಲೇ ಕೂತಳು. ಗಂಟೆ ಹೊಡೆಯಲು ಇನ್ನು ಸ್ವಲ್ಪ ಹೊತ್ತಿತ್ತು. ಆಮೇಲೆ ಬಗ್ಗಿ ಬರೆದಳು:

6. ಇದಕ್ಕೆ ಬದಲಾಗಿ ಕಂಪನಿಯು ರಾಜನಿಗೆ ರಕ್ಷಣೆ ಕೊಡಬೇಕು.